ರೆಸ್ಯೂಮೆ ಅಳಿಸಿದರೂ ನಿಲ್ಲದ ಕರೆಗಳು

ಕೆಲಸ ಸಿಕ್ಕ ಮೇಲೆ ಜಾಲತಾಣದ ಖಾತೆಯನ್ನೇ ಅಳಿಸಿದರೂ ಕರೆಗಳು ಬರುತ್ತಲೇ ಇರುತ್ತವೆ. ಕಾರಣ ಸರಳ. ನೌಕ್ರಿಯಂಥ ತಾಣಗಳಲ್ಲಿ ನೇಮಕಾತಿ ಸಂಸ್ಥೆಗಳು ಹಣ ಕೊಟ್ಟು ರೆಸ್ಯೂಮೆಗಳನ್ನು ಹುಡುಕಿ, ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡಿರುತ್ತವೆ. ತಾಣದಲ್ಲಿ ಅಳಿಸಿದ್ದು ಆ ಪ್ರತಿಗಳನ್ನು ಮುಟ್ಟುವುದಿಲ್ಲ.

ಹಾಗಾಗಿ ಅಳಿಸುವ ಕ್ರಮ ಮುಖ್ಯ. ಮೊದಲು ಪ್ರೊಫೈಲಿನಲ್ಲಿರುವ ರೆಸ್ಯೂಮೆ ಕಡತ ತೆಗೆಯಿರಿ, ಸೆಟ್ಟಿಂಗ್ಸಿನಲ್ಲಿ ಉದ್ಯೋಗದಾತರಿಗೆ ಕಾಣದಂತೆ ಮಾಡಿ, ಉದ್ಯೋಗ ಸೂಚನೆಯ ಮೇಲ್‌ಗಳನ್ನು ನಿಲ್ಲಿಸಿ, ಕೊನೆಗೆ ಖಾತೆ ಅಳಿಸಿ. ಆ್ಯಪ್ ತೆಗೆದುಹಾಕಿದರೆ ಖಾತೆ ಹೋಗುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ.

ಆಮೇಲೂ ಕರೆ ಬಂದರೆ, ಅವರು ಹೇಳುವ ಹುದ್ದೆ, ಸಂಬಳ ಗಮನಿಸಿ. ಮೂರು ವರ್ಷ ಹಿಂದಿನ ಕಂಪನಿಯ ಹೆಸರೆತ್ತಿದರೆ ಅದು ಹಳೇ ಪ್ರತಿ. ಆಗ ಫೋನಿಟ್ಟು ಸುಮ್ಮನಾಗಬೇಡಿ. ಸಂಸ್ಥೆಯ ಹೆಸರು, ಇಮೇಲ್ ಕೇಳಿ, ‘ನನ್ನ ವಿವರ ಅಳಿಸಿ’ ಎಂದು ಬರೆದು ಕಳಿಸಿ.

1909ಕ್ಕೆ START 0 ಎಂದು ಎಸ್ಸೆಮ್ಮೆಸ್ ಕಳಿಸಿ ಡಿಎನ್‌ಡಿ ಪಡೆದರೆ ಪ್ರಚಾರದ ಸಂದೇಶಗಳು ತಗ್ಗುತ್ತವೆ. ಮಾಮೂಲಿ ಮೊಬೈಲಿನಿಂದ ಒಬ್ಬೊಬ್ಬರಿಗೇ ಫೋನ್ ಮಾಡುವ ನೇಮಕಾತಿಯವರನ್ನು ಅದು ತಡೆಯುವುದು ಕಷ್ಟ. ಅಂಥ ನಂಬರುಗಳನ್ನು ಬ್ಲಾಕ್ ಮಾಡಬೇಕಷ್ಟೆ.

ಮುಂದಿನ ಸಲ ಜಿಮೇಲ್ ವಿಳಾಸದಲ್ಲಿ @ ಗುರುತಿಗೆ ಮೊದಲು +naukri ಎಂದು ಸೇರಿಸಿ ಕೊಡಿ. ಮೇಲ್ ನಿಮಗೇ ಬರುತ್ತದೆ, ವಿಳಾಸ ಎಲ್ಲಿಂದ ಹೋಯಿತೆಂಬುದೂ ತಿಳಿಯುತ್ತದೆ.