ಫ್ರಿಜ್ ಸುಟ್ಟಿತು, ಅರ್ಜಿಯಲ್ಲಿ ಏನು ಬರೆಯಬೇಕು?

"ವೋಲ್ಟೇಜ್ ಏರುಪೇರಿನಿಂದ ನಮ್ಮ ಅಂಗಡಿಯ ಫ್ರಿಜ್, ಟಿವಿ ಎಲ್ಲಾ ಸುಟ್ಟುಹೋಗಿವೆ. ತುಂಬಾ ನಷ್ಟವಾಗಿದೆ. ದಯಮಾಡಿ ಪರಿಹಾರ ಕೊಡಿಸಬೇಕಾಗಿ ವಿನಂತಿ." ವಿದ್ಯುತ್ ಕಚೇರಿಗೆ ಅಂಗಡಿಕಾರರು ಕೊಡುವ ಅರ್ಜಿ ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಅದಕ್ಕೆ ಬರುವ ಉತ್ತರವೂ ಅಷ್ಟೇ ಚಿಕ್ಕದು: "ಸ್ಥಳ ಪರಿಶೀಲಿಸಲಾಗಿ ವೋಲ್ಟೇಜ್ ಸರಿಯಾಗಿರುವುದು ಕಂಡುಬಂದಿರುತ್ತದೆ."

ಆ ಉತ್ತರ ಸುಳ್ಳೇನಲ್ಲ. ಲೈನ್‌ಮನ್ ಬಂದು ಕಂಬ ಹತ್ತಿ ತಂತಿ ಬಿಗಿದು ಹೋದ ಮೇಲೆ ವೋಲ್ಟೇಜ್ ಸರಿಯಾಗಿಯೇ ಇರುತ್ತದೆ. ಮರುದಿನ ಬಂದ ಇಂಜಿನಿಯರ್ ಮೀಟರ್ ಹಿಡಿದು ನೋಡಿದರೆ 230 ತೋರಿಸುತ್ತದೆ. ಅಂಗಡಿಕಾರನ ಕಷ್ಟ ಇರುವುದೇ ಇಲ್ಲಿ. ದುರಸ್ತಿ ಆಗುತ್ತಿದ್ದಂತೆ ಸಾಕ್ಷಿಯೂ ಅಳಿಸಿಹೋಗುತ್ತದೆ. ಆದ್ದರಿಂದ ಅರ್ಜಿಯಲ್ಲಿ ನಷ್ಟದ ಗೋಳಿಗಿಂತ ಆ ಅರ್ಧ ಗಂಟೆಯಲ್ಲಿ ಲೈನಿನಲ್ಲಿ ಏನಾಯಿತು ಎಂಬುದು ದಾಖಲಾಗಬೇಕು. ಅದನ್ನು ಬರೆಯಬೇಕಾದರೆ ಏನಾಯಿತು ಎಂದು ಅಂಗಡಿಕಾರನಿಗೆ ಮೊದಲು ಗೊತ್ತಿರಬೇಕು.

ಒಂದು ತಾಲ್ಲೂಕು ಕೇಂದ್ರ, ಬಸ್ ನಿಲ್ದಾಣದ ಎದುರು ಸಾಲು ಅಂಗಡಿಗಳು, ಅದರಲ್ಲೊಂದು ಬೇಕರಿ ಎಂದು ಇಟ್ಟುಕೊಳ್ಳೋಣ. ಮಧ್ಯಾಹ್ನ ಎರಡೂ ಇಪ್ಪತ್ತರ ಹೊತ್ತಿಗೆ ಟ್ಯೂಬ್‌ಲೈಟುಗಳು ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಷ್ಟು ಬೆಳಗಿ ಆರಿಹೋದವು. ಸಿಸಿಟಿವಿ ಪೆಟ್ಟಿಗೆಯಿಂದ ಪಟ್ ಎಂಬ ಸದ್ದು ಬಂತು, ಹಿಂದೆಯೇ ಸುಟ್ಟ ವಾಸನೆ. ಬಿಲ್ಲಿಂಗ್ ಯಂತ್ರ, ಟಿವಿ, ಫ್ರಿಜ್ಜಿನ ಒಳಗಿನ ಬೋರ್ಡ್ ಎಲ್ಲವೂ ಸತ್ತವು. ಅದೇ ಹೊತ್ತಿಗೆ ಎರಡು ಅಂಗಡಿ ಆಚೆಯ ಹೋಟೆಲಿನಲ್ಲಿ ಫ್ಯಾನು ನಿಂತೇಹೋಯಿತು, ದೀಪ ಕೆಂಡದಂತೆ ಮಿಣುಕಿತು. ಅಲ್ಲಿ ಏನೂ ಸುಡಲಿಲ್ಲ. ಒಂದೇ ಕಂಬದಿಂದ ಬಂದ ಕರೆಂಟು ಒಂದು ಕಡೆ ಉಕ್ಕಿ ಇನ್ನೊಂದು ಕಡೆ ಬತ್ತುವುದು ಹೇಗೆ?

ಟ್ರಾನ್ಸ್‌ಫಾರ್ಮರ್, ಅಂದರೆ ಊರಿನವರ ಮಾತಿನ ಟಿಸಿ, ಅಂಗಡಿ ಸಾಲಿಗೆ ನಾಲ್ಕು ತಂತಿ ಕಳಿಸುತ್ತದೆ. ಮೂರು ಫೇಸು, ಒಂದು ನ್ಯೂಟ್ರಲ್. ಯಾವುದೇ ಒಂದು ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ಸುಮಾರು 230 ವೋಲ್ಟ್ ಇರುತ್ತದೆ. ಎರಡು ಫೇಸುಗಳ ನಡುವೆಯಾದರೆ ಸುಮಾರು 400. ಬೇಕರಿ ಒಂದು ಫೇಸಿನ ಮೇಲೆ, ಹೋಟೆಲು ಇನ್ನೊಂದರ ಮೇಲೆ. ಇಬ್ಬರಿಗೂ ನ್ಯೂಟ್ರಲ್ ಒಂದೇ. ಕಂಬದ ಮೇಲಿನ ಆ ನ್ಯೂಟ್ರಲ್ ಜಂಪ್ ಕಡಿದರೆ ಬೇಕರಿಯ ಕರೆಂಟಿಗೆ ಹಿಂದಿರುಗುವ ದಾರಿ ಇಲ್ಲ. ಅದು ಹೋಟೆಲಿನ ಸಾಮಾನುಗಳ ಮೂಲಕ ಹಾದು ಇನ್ನೊಂದು ಫೇಸು ಸೇರುತ್ತದೆ. ಅಂದರೆ ಎರಡು ಅಂಗಡಿಗಳೂ ಒಂದರ ಹಿಂದೊಂದು ಜೋಡಿಕೊಂಡು 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಹಂಚಿಕೆ ಸಮಪಾಲಲ್ಲ.

ಲೆಕ್ಕ ಸುಲಭವಾಗಲೆಂದು ಮೂರನೇ ಫೇಸಿನಲ್ಲಿ ಲೋಡೇ ಇಲ್ಲ ಎನ್ನೋಣ. ಹೋಟೆಲಿನಲ್ಲಿ 2,000 ವ್ಯಾಟಿನ ಗೀಸರ್ ಉರಿಯುತ್ತಿದೆ. ಬೇಕರಿಯಲ್ಲಿ ದೀಪ, ಟಿವಿ, ಯಂತ್ರ ಎಲ್ಲ ಸೇರಿ 200 ವ್ಯಾಟ್. ಕಡಿಮೆ ಲೋಡಿನ ಕಡೆ ತಡೆ ಹತ್ತುಪಟ್ಟು ಹೆಚ್ಚು, ಹಾಗಾಗಿ ವೋಲ್ಟೇಜಿನ ಹನ್ನೊಂದು ಪಾಲಿನಲ್ಲಿ ಹತ್ತು ಪಾಲು ಅಲ್ಲಿಗೆ ಬೀಳುತ್ತದೆ. ಬೇಕರಿಗೆ ಸುಮಾರು 364 ವೋಲ್ಟ್, ಹೋಟೆಲಿಗೆ 36. ನೆಲದ ಅರ್ಥಿಂಗ್ ಸ್ವಲ್ಪ ನೆರವಾಗುವುದರಿಂದ ನಿಜವಾದ ಸಂಖ್ಯೆಗಳು ಇಷ್ಟು ವಿಪರೀತಕ್ಕೆ ಹೋಗದಿರಬಹುದು, ಆದರೆ ದಿಕ್ಕು ಇದೇ. ಕರೆಂಟು ಹೆಚ್ಚು ಉರಿಸುವವನು ಉಳಿಯುತ್ತಾನೆ, ಮಿತವಾಗಿ ಬಳಸುವವನ ಸಾಮಾನು ಸುಡುತ್ತದೆ. ನ್ಯಾಯವಲ್ಲ, ಆದರೆ ಭೌತಶಾಸ್ತ್ರ ಹಾಗಿದೆ.

ಇಷ್ಟಾದರೂ ಅಂಗಡಿಯ ಎಂಸಿಬಿ ಬೀಳುವುದಿಲ್ಲ. ಎಂಸಿಬಿ ನೋಡುವುದು ಆಂಪಿಯರನ್ನು, ವೋಲ್ಟೇಜನ್ನಲ್ಲ. ಟಿಸಿಯ ಫ್ಯೂಸು ಕೂಡ ಅದೇ ಕಾರಣಕ್ಕೆ ಸುಮ್ಮನಿರುತ್ತದೆ.

ಇಂಥ ಅನಾಹುತಕ್ಕೆ ಮುನ್ಸೂಚನೆ ಇರುವುದುಂಟು. ನ್ಯೂಟ್ರಲ್ ಒಮ್ಮೆಗೇ ಕಡಿಯದೆ, ಜೋಡಣೆ ಸಡಿಲವಾಗಿ, ತುಕ್ಕು ಹಿಡಿದು, ಕಿಡಿ ಕಾರುತ್ತ ಕೆಲವು ದಿನ ನರಳಬಹುದು. ಆಗ ಪಕ್ಕದವರು ದೊಡ್ಡ ಲೋಡ್ ಹಾಕಿದಾಗ ನಿಮ್ಮ ದೀಪ ಮಂಕಾಗುವ ಬದಲು ಹೆಚ್ಚು ಬೆಳಗುತ್ತದೆ. ಈ ವ್ಯತ್ಯಾಸವನ್ನು ಗಮನಿಸಬೇಕು. ಲೈನು ಉದ್ದವಾಗಿ, ಟಿಸಿಗೆ ಹೊರೆ ಹೆಚ್ಚಾಗಿ ವೋಲ್ಟೇಜ್ ಕುಸಿದಿದ್ದರೆ ಆ ಫೇಸಿನ ಎಲ್ಲರ ದೀಪವೂ ಮಂಕಾಗುತ್ತದೆ, ಯಾರದೂ ಬೆಳಗುವುದಿಲ್ಲ. ಒಬ್ಬರದು ಮಂಕಾದಾಗ ಇನ್ನೊಬ್ಬರದು ಬೆಳಗಿದರೆ ಸಂಶಯ ನ್ಯೂಟ್ರಲ್ಲಿನ ಮೇಲೆ. ಅಂದೇ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಂಡರೆ, ಮುಂದೆ ಸುಟ್ಟಾಗ "ನಮಗೆ ಗೊತ್ತಿರಲಿಲ್ಲ" ಎನ್ನಲು ಕಚೇರಿಗೆ ಆಗುವುದಿಲ್ಲ.

ಕಚೇರಿಯಿಂದ ಬರುವ ಇನ್ನೊಂದು ಉತ್ತರವೂ ಪರಿಚಿತ: "ನಿಮ್ಮ ಒಳಗಿನ ವೈರಿಂಗ್ ಸರಿಯಿಲ್ಲ." ಸಿಂಗಲ್ ಫೇಸ್ ಸಂಪರ್ಕದ ಅಂಗಡಿಗೆ ಇಲ್ಲಿ ಗಟ್ಟಿ ಮರುಮಾತಿದೆ. ಅಂಗಡಿಯೊಳಗಿನ ನ್ಯೂಟ್ರಲ್ ಕಡಿದರೆ ಕರೆಂಟೇ ಹೋಗುತ್ತದೆ, ವೋಲ್ಟೇಜ್ ಏರುವುದಿಲ್ಲ. ಒಳಗೆ ಬರುವುದೇ ಒಂದು ಫೇಸು, ಇನ್ನೊಂದು ಫೇಸಿನ ವೋಲ್ಟೇಜ್ ಬರಲು ದಾರಿಯೆಲ್ಲಿ? ಹಾಗಾಗಿ 300 ದಾಟಿದ ವೋಲ್ಟೇಜ್ ಹೊರಗಿನಿಂದಲೇ ಬಂದಿರಬೇಕು. ಆದರೆ ತ್ರೀ ಫೇಸ್ ಸಂಪರ್ಕವಿದ್ದರೆ, ಅಥವಾ ಕಾಂಪ್ಲೆಕ್ಸಿನ ಮಾಲೀಕರು ಒಂದೇ ತ್ರೀ ಫೇಸ್ ಮೀಟರಿನಿಂದ ಎಲ್ಲ ಮಳಿಗೆಗಳಿಗೂ ಲೈನು ಎಳೆದಿದ್ದರೆ ಈ ವಾದ ನಿಲ್ಲದು. ಮೀಟರಿನ ನಂತರದ ನ್ಯೂಟ್ರಲ್ ಕಟ್ಟಡದವರ ಜವಾಬ್ದಾರಿ. ಅಂಥಲ್ಲಿ ದೂರು ಕಚೇರಿಗಿಂತ ಮೊದಲು ಕಟ್ಟಡದ ಮಾಲೀಕರಿಗೆ ಹೋಗಬೇಕಾಗುತ್ತದೆ. ಅರ್ಜಿ ಬರೆಯುವ ಮೊದಲು ಎಲೆಕ್ಟ್ರಿಷಿಯನ್ ಒಬ್ಬರಿಂದ ಇದೊಂದನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಸುಟ್ಟ ಸಾಮಾನೂ ಸಾಕ್ಷಿ ಹೇಳುತ್ತದೆ. ಟಿವಿ, ಅಡಾಪ್ಟರುಗಳ ಒಳಗೆ ಸಾಮಾನ್ಯವಾಗಿ 400 ಅಥವಾ 450 ವೋಲ್ಟ್ ಎಂದು ಬರೆದ ಕೆಪಾಸಿಟರ್ ಇರುತ್ತದೆ. ಮನೆಯ 230 ವೋಲ್ಟಿನ ತುತ್ತತುದಿ 325, ಆದ್ದರಿಂದ ಎಂದಿನ ದಿನ ತೊಂದರೆಯಿಲ್ಲ. 364 ಬಂದರೆ ತುದಿ 515ಕ್ಕೆ ಹೋಗುತ್ತದೆ, ಕೆಪಾಸಿಟರ್ ಉಬ್ಬಿ ಒಡೆಯುತ್ತದೆ. ಕಡಿಮೆ ವೋಲ್ಟೇಜಿನ ಹೊಡೆತವೇ ಬೇರೆ. ಅಲ್ಲಿ ಕೆಡುವುದು ಮೋಟಾರು. ಫ್ರಿಜ್ಜಿನ ಕಂಪ್ರೆಸರ್ ತಿರುಗಲಾರದೆ ಗುಂಯ್‌ಗುಟ್ಟಿ ಸುರುಳಿ ಬಿಸಿಯಾಗಿ ಸುಡುತ್ತದೆ. ಮೆಕ್ಯಾನಿಕ್ ಬಿಲ್ಲಿನಲ್ಲಿ "ರಿಪೇರಿ ಚಾರ್ಜ್" ಎಂದಷ್ಟೇ ಇದ್ದರೆ ಉಪಯೋಗ ಕಡಿಮೆ. "ಹೈ ವೋಲ್ಟೇಜಿನಿಂದ ಪವರ್ ಸಪ್ಲೈ ಬೋರ್ಡಿನ ಕೆಪಾಸಿಟರ್ ಒಡೆದಿದೆ" ಎಂದು ಬರೆಸಿಕೊಳ್ಳಬೇಕು.

ಈಗ ಅರ್ಜಿ. ನಮ್ಮ ಬೇಕರಿಯವರು ಬರೆಯಬಹುದಾದದ್ದು ಹೀಗಿರುತ್ತದೆ:

"ಇವರಿಗೆ, ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ (ವಿ), ಉಪವಿಭಾಗ ಕಚೇರಿ. ವಿಷಯ: ನ್ಯೂಟ್ರಲ್ ಕಡಿತದಿಂದ ಉಂಟಾದ ಅಧಿಕ ವೋಲ್ಟೇಜ್ ಹಾಗೂ ಉಪಕರಣಗಳ ಹಾನಿ ಕುರಿತು. ಮಾನ್ಯರೇ, ಮೇಲ್ಕಂಡ ಆರ್.ಆರ್. ಸಂಖ್ಯೆಯ ಸಿಂಗಲ್ ಫೇಸ್ ಸಂಪರ್ಕ ನನ್ನ ಹೆಸರಿನಲ್ಲಿದ್ದು, ಈ ಬೇಕರಿಯೇ ನನ್ನ ಜೀವನೋಪಾಯವಾಗಿರುತ್ತದೆ. ದಿನಾಂಕ 14ರ ಮಧ್ಯಾಹ್ನ 2-20ಕ್ಕೆ ವೋಲ್ಟೇಜ್ ಏರಿ ಕೆಳಗಿನ ಪಟ್ಟಿಯಲ್ಲಿರುವ ಉಪಕರಣಗಳು ಕೆಟ್ಟಿರುತ್ತವೆ. ಅದೇ ಸಮಯದಲ್ಲಿ ಪಕ್ಕದ ಮೂರು ಮಳಿಗೆಗಳಲ್ಲೂ ಹಾನಿಯಾಗಿದ್ದು, ಹೋಟೆಲಿನಲ್ಲಿ ವೋಲ್ಟೇಜ್ ಕುಸಿದಿರುತ್ತದೆ. ಅವರೆಲ್ಲರ ಸಹಿ ಲಗತ್ತಿಸಿದೆ. 2-30ಕ್ಕೆ 1912ಕ್ಕೆ ದೂರು ನೀಡಿದೆವು. 3-45ಕ್ಕೆ ಬಂದ ಸಿಬ್ಬಂದಿ ಅಂಗಡಿ ಮುಂದಿನ ಕಂಬದಲ್ಲಿ ನ್ಯೂಟ್ರಲ್ ಜಂಪ್ ಮರುಜೋಡಿಸಿರುತ್ತಾರೆ, ಫೋಟೊ ಲಗತ್ತಿಸಿದೆ. ಸದರಿ ದುರಸ್ತಿಯ ದಾಖಲೆಯ ಪ್ರತಿ ಕೊಡಿಸಿ, ಹಾನಿಯ ಬಗ್ಗೆ ಸ್ಥಳ ಮಹಜರು ನಡೆಸಿ, ಲಿಖಿತ ಉತ್ತರ ನೀಡಬೇಕಾಗಿ ಕೋರುತ್ತೇನೆ."

ಇದರಲ್ಲಿ ಕೋಪವಿಲ್ಲ, ಗೋಳಿಲ್ಲ. ಆದರೆ ಓದಿದ ಇಂಜಿನಿಯರ್ ಸುಲಭವಾಗಿ ಪಕ್ಕಕ್ಕಿಡಲಾರರು. ನೆರೆಯವರ ಸಹಿ ಇರುವುದರಿಂದ ಇದು ಒಬ್ಬರ ವೈರಿಂಗ್ ದೋಷವಲ್ಲ ಎಂದಾಯಿತು. ಜಂಪ್ ಮರುಜೋಡಿಸಿದ ಮಾತಿನಿಂದ ಕಾರಣ ಕಂಬದ ಮೇಲೆಯೇ ಇತ್ತು ಎಂದಾಯಿತು. ಸ್ಮಾರ್ಟ್ ಮೀಟರ್ ಇದ್ದಲ್ಲಿ ಅಧಿಕ ವೋಲ್ಟೇಜಿನ ಘಟನೆಯನ್ನು ಅದೇ ಗುರುತು ಹಾಕಿಕೊಂಡಿರುತ್ತದೆ, ಆ ದಾಖಲೆಯನ್ನೂ ಕೇಳಬಹುದು. ಅರ್ಜಿಯನ್ನು ಕೈಯಲ್ಲಿ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬಾರದು. ದಾಖಲೆ ಕೊಡಲು ಹಿಂದೇಟು ಹಾಕಿದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ, ಆ ದಿನ ಆ ಟಿಸಿಯ ಲೈನಿನಲ್ಲಿ ನಡೆದ ದುರಸ್ತಿಯ ವಿವರ ಕೇಳಬಹುದು. ಮೂವತ್ತು ದಿನದಲ್ಲಿ ಉತ್ತರ ಬರಬೇಕು.

ಅರ್ಜಿಯ ಮುಂದಿನ ದಾರಿಯಲ್ಲಿ ಹಲವರು ಎಡವುತ್ತಾರೆ. ಜನರ ಬಾಯಲ್ಲಿ ಇನ್ನೂ ಕೆಇಬಿ ಎಂದೇ ಉಳಿದಿದ್ದರೂ, ಕರ್ನಾಟಕದಲ್ಲಿ 2002ರಿಂದ ಮನೆ ಮನೆಗೆ ವಿದ್ಯುತ್ ಹಂಚುವುದು ಪ್ರಾದೇಶಿಕ ಕಂಪನಿಗಳ ಕೆಲಸ. 2003ರ ವಿದ್ಯುತ್ ಕಾಯ್ದೆಯ 57ನೇ ಕಲಂ ಈ ಕಂಪನಿಗಳ ಸೇವೆಗೆ ಮಾನದಂಡ ಇಟ್ಟು, ತಪ್ಪಿದರೆ ಪರಿಹಾರ ಕೊಡಬೇಕು ಎನ್ನುತ್ತದೆ. 42ನೇ ಕಲಂನಡಿ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅಲ್ಲಿ ಸಮಾಧಾನ ಸಿಗದಿದ್ದರೆ ಒಂಬುಡ್ಸ್‌ಮನ್ ಇದ್ದಾರೆ. ಆದರೆ ಮಾನದಂಡ ತಪ್ಪಿದ್ದಕ್ಕೆ ಸಿಗುವ ಪರಿಹಾರ ಮುಖ್ಯವಾಗಿ ದೂರು ಸರಿಪಡಿಸಲು ಮಾಡಿದ ವಿಳಂಬಕ್ಕೆ ನಿಗದಿಯಾದ ಸಣ್ಣ ಮೊತ್ತ. ಫ್ರಿಜ್ಜಿನ ಬೆಲೆ ಅದರಿಂದ ಹುಟ್ಟುವುದಿಲ್ಲ.

ಸುಟ್ಟ ಸಾಮಾನಿನ ಹಣ ಬೇಕೆಂದರೆ ಕಂಪನಿಯ ನಿರ್ಲಕ್ಷ್ಯವನ್ನು ತೋರಿಸಿಕೊಡಬೇಕು. ಮೊದಲೇ ಕೊಟ್ಟ 1912ರ ದೂರು ಇಲ್ಲಿ ಬೆಲೆ ಬಾಳುತ್ತದೆ. ವಿದ್ಯುತ್ ಪೂರೈಕೆಯೂ ಒಂದು ಸೇವೆ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಒಪ್ಪುತ್ತದೆ, ಘಟನೆ ನಡೆದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಅಂಗಡಿಕಾರನಿಗೆ ಅಲ್ಲೊಂದು ತೊಡಕಿದೆ. ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರನ್ನು ಆ ಕಾಯ್ದೆ ಗ್ರಾಹಕರೆಂದು ಎಣಿಸುವುದಿಲ್ಲ. ಕಂಪನಿಯ ವಕೀಲರು ಮೊದಲು ಎತ್ತುವ ಆಕ್ಷೇಪ ಇದೇ ಆಗಿರಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವ ಸಣ್ಣ ಅಂಗಡಿ ಎಂಬ ವಾದವನ್ನು ಅಲ್ಲಿ ಮಂಡಿಸಬೇಕಾಗುತ್ತದೆ. ಬೇಕರಿಯವರ ಅರ್ಜಿಯಲ್ಲಿ "ಈ ಬೇಕರಿಯೇ ನನ್ನ ಜೀವನೋಪಾಯ" ಎಂಬ ಮಾತು ಮೊದಲ ದಿನವೇ ಬಂದಿರುವುದು ಅದಕ್ಕಾಗಿ. ಆ ದಾರಿಯೂ ಮುಚ್ಚಿದರೆ ಸಿವಿಲ್ ನ್ಯಾಯಾಲಯ ಇದೆ, ಅಲ್ಲಿಗೆ ವಕೀಲರ ಖರ್ಚು, ಕೋರ್ಟ್ ಶುಲ್ಕ ಎರಡೂ ಬೇಕು.

ಕೇಳುವ ಮೊತ್ತದಲ್ಲೂ ಹದ ಬೇಕು. ರಿಪೇರಿಯಾಗುವ ಸಾಮಾನಿಗೆ ರಿಪೇರಿ ಬಿಲ್ಲು, ಆಗದಿದ್ದಕ್ಕೆ ಕೊಂಡ ರಸೀದಿ ಮತ್ತು ರಿಪೇರಿ ಆಗುವುದಿಲ್ಲವೆಂಬ ಮೆಕ್ಯಾನಿಕ್ ಪತ್ರ. ಆರು ವರ್ಷ ಹಳೆಯ ಟಿವಿಗೆ ಹೊಸದರ ಬೆಲೆ ಕೇಳಿದರೆ ಉಳಿದ ಪಟ್ಟಿಯ ಮೇಲೂ ಅನುಮಾನ ಹುಟ್ಟುತ್ತದೆ. ಫ್ರಿಜ್ಜಿನಲ್ಲಿ ಹಾಳಾದ ಕೇಕು, ಹಾಲು ಎಷ್ಟೆಂಬುದಕ್ಕೆ ಆ ವಾರದ ಖರೀದಿ ಬಿಲ್ಲು ಬೇಕು. ವ್ಯಾಪಾರ ನಿಂತ ದಿನಗಳ ಲಾಭವನ್ನು ಸಾಬೀತು ಮಾಡುವುದು ಎಲ್ಲಕ್ಕಿಂತ ಕಷ್ಟ, ಜಿಎಸ್‌ಟಿ ಲೆಕ್ಕ ಇಟ್ಟವರಿಗೆ ಮಾತ್ರ ಅಲ್ಲಿ ಸ್ವಲ್ಪ ಆಧಾರ ಸಿಗುತ್ತದೆ. ಕಳಚಿದ ಬೋರ್ಡು, ಒಡೆದ ಕೆಪಾಸಿಟರುಗಳನ್ನು ಮೆಕ್ಯಾನಿಕ್ ಅಂಗಡಿಯಲ್ಲೇ ಬಿಟ್ಟು ಬರದೆ, ಯಾವುದು ಯಾವುದರದೆಂದು ಚೀಟಿ ಅಂಟಿಸಿ, ಪ್ರಕರಣ ಮುಗಿಯುವ ತನಕ ತೆಗೆದಿಡಬೇಕು.

ಮುಂದೆ ಹೀಗಾಗದಿರಲು ಸ್ಟೆಬಿಲೈಸರ್ ಕೊಳ್ಳುವವರೇ ಹೆಚ್ಚು. ಆದರೆ ಸಾಮಾನ್ಯ ಸ್ಟೆಬಿಲೈಸರ್ ತನ್ನ ಮಿತಿಯೊಳಗಿನ ಏರಿಳಿತವನ್ನು ಮಾತ್ರ ತಿದ್ದುತ್ತದೆ, 364 ಅದರ ಮಿತಿಯಾಚೆಯ ಮಾತು. ನ್ಯೂಟ್ರಲ್ ಕಡಿತಕ್ಕೆ ಬೇಕಾದದ್ದು ವೋಲ್ಟೇಜ್ ಏರಿದ ಅಥವಾ ಇಳಿದ ತಕ್ಷಣ ಲೈನನ್ನೇ ಕತ್ತರಿಸಿ, ಸರಿಯಾದ ಮೇಲೆ ತಾನೇ ಜೋಡಿಸುವ ವೋಲ್ಟೇಜ್ ರಿಲೇ. ಅದನ್ನು ಎಂಸಿಬಿಯ ಪಕ್ಕದಲ್ಲೇ ಕೂರಿಸಬಹುದು, ಅಂಗಡಿಯ ಒಟ್ಟು ಲೋಡನ್ನು ಹೊರುವಷ್ಟು ಆಂಪಿಯರಿನದಾಗಿರಬೇಕು ಅಷ್ಟೆ.