‘ನೀರು ಬರುತ್ತಿಲ್ಲ’ ಎಂದರೆ ‘ಬರ’ ಎಂದು ಓದುವ ಯಂತ್ರ

ಪುರಸಭೆಗೆ ಬರುವ ಸಂದೇಶಗಳಲ್ಲಿ ದೂರು ಯಾವುದು, ಮೆಚ್ಚುಗೆ ಯಾವುದು ಎಂದು ಕಂಪ್ಯೂಟರ್ ವಿಂಗಡಿಸಬೇಕು ಎಂದಿಟ್ಟುಕೊಳ್ಳಿ. ಕಲಿಸಲು ನಮ್ಮ ಕೈಯಲ್ಲಿರುವುದು ಗುರುತು ಹಚ್ಚಿದ ಇನ್ನೂರು ವಾಕ್ಯ ಮಾತ್ರ. ಪೈಥಾನ್ ಬಳಸುವವರು ಸಾಮಾನ್ಯವಾಗಿ ಸೈಕಿಟ್-ಲರ್ನ್‌ನ `CountVectorizer` ಎತ್ತಿಕೊಳ್ಳುತ್ತಾರೆ. ‘ನೀರು ಬರುತ್ತಿಲ್ಲ’ ಎಂಬ ವಾಕ್ಯವನ್ನು ಅದಕ್ಕೆ ಕೊಟ್ಟರೆ ಉಳಿಯುವುದು ಒಂದೇ ಪದ: ‘ಬರ’. ‘ನೀರು ಬರುತ್ತಿದೆ’ ಎಂದು ಕೊಟ್ಟರೂ ಅದೇ ‘ಬರ’. ದೂರಿಗೂ ಸಮಾಧಾನಕ್ಕೂ ಯಂತ್ರದ ಕಣ್ಣಿನಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ!

ಕಾರಣ ನಮ್ಮ ಕಾಗುಣಿತದಲ್ಲಿದೆ. ಯುನಿಕೋಡ್‌ನಲ್ಲಿ ‘ನೀ’ ಒಂದು ಅಕ್ಷರವಲ್ಲ. ‘ನ’ ಒಂದು ಸಂಕೇತ, ಅದಕ್ಕೆ ಹತ್ತುವ ದೀರ್ಘದ ಗುರುತು ಇನ್ನೊಂದು. ಪದ ಕತ್ತರಿಸುವ ನಿಯಮ ಅಕ್ಷರ, ಅಂಕಿಗಳನ್ನು ಮಾತ್ರ ಪದದ ಭಾಗವೆಂದು ಒಪ್ಪುತ್ತದೆ. ಸ್ವರಚಿಹ್ನೆ, ಒತ್ತಕ್ಷರದ ಗುರುತು ಬಂದಲ್ಲೆಲ್ಲ ಪದ ಮುಗಿಯಿತೆಂದು ತುಂಡರಿಸಿ, ಒಂಟಿಯಾಗಿ ಉಳಿದ ಅಕ್ಷರವನ್ನು ಎಸೆದುಬಿಡುತ್ತದೆ. ‘ನೀರು’ ಪೂರ್ತಿ ಮಾಯವಾಗುವುದು ಹೀಗೆ. ಪ್ರೋಗ್ರಾಂ ಮಾತ್ರ ಯಾವ ದೋಷವನ್ನೂ ತೋರಿಸದೆ ಓಡುತ್ತಿರುತ್ತದೆ.

ಖಾಲಿ ಜಾಗ ನೋಡಿ ಕತ್ತರಿಸಿದರೆ ಈ ತೊಂದರೆ ತಪ್ಪುತ್ತದೆ, ಇನ್ನೊಂದು ಹುಟ್ಟುತ್ತದೆ. ನೀರು, ನೀರಿಗೆ, ನೀರಿನ, ನೀರಿಲ್ಲ ಎಲ್ಲವೂ ಸಂಬಂಧವಿಲ್ಲದ ಬೇರೆ ಬೇರೆ ಪದಗಳಾಗುತ್ತವೆ. ಇನ್ನೂರು ವಾಕ್ಯಗಳಲ್ಲಿ ಒಂದೊಂದು ರೂಪ ಒಮ್ಮೆ ಕಂಡರೆ ಹೆಚ್ಚು. ಹಾಗಾಗಿ ನಾನಾದರೆ ಪದವನ್ನೇ ಬಿಟ್ಟು, ಎರಡರಿಂದ ಐದು ಸಂಕೇತಗಳ ಚೂರುಗಳನ್ನು ಎಣಿಸುತ್ತೇನೆ:

```python
CountVectorizer(analyzer="char_wb",
                ngram_range=(2, 5))
```

ಈಗ ಆ ನಾಲ್ಕೂ ರೂಪಗಳಲ್ಲಿ ‘ನೀರ’ ಸಿಗುತ್ತದೆ. ಬರುತ್ತಿಲ್ಲ, ಕೊಟ್ಟಿಲ್ಲ, ನೀರಿಲ್ಲ ಎಂಬಲ್ಲಿ ಬಾಲದ ‘ಿಲ್ಲ’ ಒಂದೇ ಆಗಿ ಕಾಣುತ್ತದೆ. ದೂರಿನ ಸುಳಿವು ಹೆಚ್ಚಾಗಿ ಇರುವುದು ಅಲ್ಲೇ.

ನೆರೆಯ ಭಾಷೆಯಿಂದ ಕಡ ತರಬಹುದೆ? ತೆಲುಗು ಮತ್ತು ಕನ್ನಡದ ಬಹುಪಾಲು ಅಕ್ಷರಗಳು ಯುನಿಕೋಡ್‌ನಲ್ಲಿ ಸರಿಯಾಗಿ 128 ಸ್ಥಾನಗಳ ಅಂತರದಲ್ಲಿ ಕುಳಿತಿವೆ. ಅಷ್ಟು ಸರಿಸಿದರೆ ತೆಲುಗಿನ ‘ನೀರು’ ನಮ್ಮ ‘ನೀರು’ ಆಗುತ್ತದೆ. ಆದರೆ ‘ಬರುತ್ತಿಲ್ಲ’ ಎನ್ನಲು ಅವರು ‘ರಾವಡಂ ಲೇದು’ ಎನ್ನುತ್ತಾರೆ. ಅಕ್ಷರ ಸರಿಸಿ ಅದನ್ನು ಕನ್ನಡ ಮಾಡಲಾಗದು. ಗೂಗಲ್‌ನ ‘ಮುರಿಲ್’ನಂಥ ಮಾದರಿಗಳು ಇಂಗ್ಲಿಷ್ ಜೊತೆ 16 ಭಾರತೀಯ ಭಾಷೆಗಳ ಪಠ್ಯವನ್ನು ಮೊದಲೇ ಓದಿರುವುದರಿಂದ ಈ ಅಂತರವನ್ನು ಸ್ವಲ್ಪ ತುಂಬುತ್ತವೆ. ತುಂಬಿತೋ ಇಲ್ಲವೋ ತಿಳಿಯಲು ತೆಲುಗು ವಾಕ್ಯಗಳ ಮೇಲಿನ ಅಂಕ ನೋಡಿ ಫಲವಿಲ್ಲ. ಕಲಿಕೆಗೆ ತೋರಿಸದ ಐವತ್ತು ಕನ್ನಡ ವಾಕ್ಯಗಳನ್ನು ಎತ್ತಿಟ್ಟು, ದೂರುಗಳಲ್ಲಿ ಎಷ್ಟು ಸಿಕ್ಕವು, ಮೆಚ್ಚುಗೆಗಳಲ್ಲಿ ಎಷ್ಟು ಸಿಕ್ಕವು ಎಂದು ಪ್ರತ್ಯೇಕವಾಗಿ ಎಣಿಸಬೇಕು. ನೂರಕ್ಕೆ ಎಂಬತ್ತು ಸಂದೇಶ ದೂರುಗಳೇ ಆಗಿದ್ದರೆ, ಎಲ್ಲಕ್ಕೂ ‘ದೂರು’ ಎನ್ನುವ ಯಂತ್ರವೂ ಎಂಬತ್ತು ಅಂಕ ಗಳಿಸುತ್ತದೆ.

ಕನ್ನಡದಲ್ಲಿ ಇಂಥ ಕೆಲಸಕ್ಕೆ ಇಳಿಯುವವರಲ್ಲಿ ಒಂದು ವಿನಂತಿ: ಕಲಿಸಲು ಕೂರುವ ಮೊದಲು ಹತ್ತು ವಾಕ್ಯಗಳನ್ನು ಕತ್ತರಿಸಿ, ಬಂದ ಚೂರುಗಳನ್ನು ಪರದೆಯ ಮೇಲೆ ಒಂದೊಂದಾಗಿ ಓದಿ ನೋಡಿ.