ಒಂದೇ ಅಣು, ಎರಡು ದಾರಿ

ದ್ವಿತೀಯ ಪಿಯುಸಿಯ ಹ್ಯಾಲೋಆಲ್ಕೇನ್ ಪಾಠ ಓದಿದವರಿಗೆಲ್ಲ ಒಂದು ಸೂತ್ರ ಬಾಯಿಪಾಠ: ಪ್ರಾಥಮಿಕವಾದರೆ ಎಸ್‌ಎನ್2, ತೃತೀಯಕವಾದರೆ ಎಸ್‌ಎನ್1. ಎರಡು ತುದಿಗಳಲ್ಲಿ ಇದು ಸಾಕು. ಆದರೆ 1-ಬ್ರೋಮೋ-1-ಫೀನೈಲ್‌ಈಥೇನ್ ಕೊಟ್ಟರೆ ಸೂತ್ರ ಕೈಕೊಡುತ್ತದೆ.

ಇದು ದ್ವಿತೀಯಕ. ಬ್ರೋಮಿನ್ ಇರುವ ಕಾರ್ಬನ್ನಿನ ಸುತ್ತ ದಟ್ಟಣೆ ಅಷ್ಟಿಲ್ಲದ್ದರಿಂದ ನ್ಯೂಕ್ಲಿಯೋಫೈಲ್ ಹಿಂಬದಿಯಿಂದ ಬಂದು ತಾಗಬಹುದು. ಬ್ರೋಮೈಡ್ ತಾನಾಗಿ ಕಳಚಿಕೊಂಡರೂ ಉಳಿಯುವ ಕಾರ್ಬೊಕ್ಯಾಟಯಾನಿನ ಧನಾವೇಶವನ್ನು ಪಕ್ಕದ ಬೆಂಜೀನ್ ಉಂಗುರ ಹಂಚಿಕೊಳ್ಳುತ್ತದೆ. ಸಬ್‌ಸ್ಟ್ರೇಟ್ ಎರಡೂ ದಾರಿ ತೆರೆದಿಟ್ಟಿದೆ, ತೀರ್ಮಾನ ಉಳಿದಿಬ್ಬರದು.

ಇದರ ಆರ್-ರೂಪವನ್ನು ಸೋಡಿಯಂ ಅಜೈಡ್ ಜೊತೆ ಡಿಎಂಎಫ್‌ನಲ್ಲಿ ಇಟ್ಟೆವು ಎನ್ನಿ. ಡಿಎಂಎಫ್ ತನ್ನ ಆಕ್ಸಿಜನ್ನಿನಿಂದ ಸೋಡಿಯಂ ಅಯಾನನ್ನು ಹಿಡಿದುಕೊಳ್ಳುತ್ತದೆ. ಹೈಡ್ರೋಜನ್ ಬಂಧ ಕೊಡಲು ಅದಕ್ಕೆ ಆಗದು, ಹಾಗಾಗಿ ಅಜೈಡ್ ಬಿಡುವಾಗಿಯೇ ಉಳಿದು ನೇರ ದಾಳಿಗಿಳಿಯುತ್ತದೆ. ಈ ಪರಿಣಾಮ ಸಣ್ಣದಲ್ಲ: ಮೀಥೈಲ್ ಅಯೋಡೈಡ್ ಮೇಲೆ ಕ್ಲೋರೈಡಿನ ದಾಳಿ ಮೆಥನಾಲ್‌ಗಿಂತ ಡಿಎಂಎಫ್‌ನಲ್ಲಿ ಸುಮಾರು 10 ಲಕ್ಷ ಪಟ್ಟು ವೇಗ. ನಮ್ಮ ಅಣುವಿನ ಮೂರು ಬಂಧಗಳು ಗಾಳಿಗೆ ಮಗುಚಿದ ಕೊಡೆಯಂತೆ ಆಚೆ ಬಾಗಿ, ಎಸ್-ಅಜೈಡ್ ಸಿಗುತ್ತದೆ.

ಅದೇ ಅಣುವನ್ನು ಅಜೈಡ್ ಇಲ್ಲದೆ, ನೀರು ಬೆರೆತ ಎಥನಾಲ್‌ಗೆ ಹಾಕಿ. ಇಲ್ಲಿ ದ್ರಾವಕವೇ ನ್ಯೂಕ್ಲಿಯೋಫೈಲ್, ಅದೂ ದುರ್ಬಲ. ದಾಳಿಗೆ ಬಲ ಸಾಲದು. ಆದರೆ ನೀರಿನ ಅಣುಗಳು ಹೊರಡುವ ಬ್ರೋಮೈಡಿಗೆ ಹೈಡ್ರೋಜನ್ ಬಂಧ ಕೊಟ್ಟು, ಹುಟ್ಟುತ್ತಿರುವ ಕಾರ್ಬೊಕ್ಯಾಟಯಾನಿಗೆ ಆಸರೆಯಾಗಿ, ಬಂಧ ಒಡೆಯುವುದನ್ನು ಸುಲಭ ಮಾಡುತ್ತವೆ. ತೃತೀಯಕ ಬ್ಯೂಟೈಲ್ ಕ್ಲೋರೈಡ್ ಎಥನಾಲ್‌ಗಿಂತ ನೀರಿನಲ್ಲಿ ಸುಮಾರು 3 ಲಕ್ಷ ಪಟ್ಟು ಬೇಗ ಒಡೆಯುವುದು ಇದೇ ಕಾರಣಕ್ಕೆ. ಚಪ್ಪಟೆಯಾದ ಕ್ಯಾಟಯಾನನ್ನು ಎರಡೂ ಮಗ್ಗುಲಿನಿಂದ ಸೇರಬಹುದು. ಆಲ್ಕೊಹಾಲ್ ಮತ್ತು ಈಥರ್ ಎರಡೂ ಬಹುಪಾಲು ರೇಸಿಮಿಕ್ ಆಗಿ ಬರುತ್ತವೆ.

ಅಂಕ ಹೋಗುವ ಜಾಗ ಸಾಮಾನ್ಯವಾಗಿ ಒಂದೇ. 'ಧ್ರುವೀಯ ದ್ರಾವಕ, ಆದ್ದರಿಂದ ಎಸ್‌ಎನ್1' ಎಂದು ಬರೆದರೆ ಅದು ಕಾರಣವಾಗುವುದಿಲ್ಲ, ಏಕೆಂದರೆ ಡಿಎಂಎಫ್ ಕೂಡ ಧ್ರುವೀಯವೇ. ಹೈಡ್ರೋಜನ್ ಬಂಧ ಕೊಡಬಲ್ಲ ಪ್ರೋಟಿಕ್ ದ್ರಾವಕವೋ, ಕೊಡಲಾರದ ಅಪ್ರೋಟಿಕ್ ದ್ರಾವಕವೋ ಎಂಬುದನ್ನು ಬರೆಯಬೇಕು. 'ಬಲವಾದ ನ್ಯೂಕ್ಲಿಯೋಫೈಲ್‌ನಿಂದ ಎಸ್‌ಎನ್1 ವೇಗ ಹೆಚ್ಚುತ್ತದೆ' ಎಂಬುದೂ ತಪ್ಪು: ನಿಧಾನದ ಹಂತದಲ್ಲಿ ಅದು ಪಾಲ್ಗೊಳ್ಳುವುದೇ ಇಲ್ಲ.

ಉತ್ತರವನ್ನು ಹೀಗೆ ಕಟ್ಟಬಹುದು: 'ಸಬ್‌ಸ್ಟ್ರೇಟ್ ದ್ವಿತೀಯಕ ಬೆಂಜೈಲಿಕ್, ಎರಡೂ ಸಾಧ್ಯ. ಅಜೈಡ್ ಪ್ರಬಲ, ಡಿಎಂಎಫ್ ಅಪ್ರೋಟಿಕ್. ಆದ್ದರಿಂದ ಎಸ್‌ಎನ್2, ವಿನ್ಯಾಸ ತಿರುಗುತ್ತದೆ. ಅಜೈಡಿನ ಸಾರತೆ ಇಮ್ಮಡಿಸಿದರೆ ವೇಗವೂ ಇಮ್ಮಡಿಸುತ್ತದೆ.' ಎರಡನೆಯ ಭಾಗದಲ್ಲಿ 'ಪೂರ್ಣ ರೇಸಿಮಿಕ್' ಎನ್ನದೆ 'ಬಹುಪಾಲು' ಎನ್ನುವುದೇ ಸರಿ. ಬ್ರೋಮೈಡ್ ಕ್ಯಾಟಯಾನಿನ ಬಳಿಯಿಂದ ತಕ್ಷಣ ದೂರ ಸರಿಯದೆ ತಾನಿದ್ದ ಬದಿಯನ್ನು ಅರೆಗಳಿಗೆ ಮರೆಮಾಡುತ್ತದೆ, ಅಷ್ಟರಲ್ಲಿ ಎದುರು ಬದಿಯಿಂದ ಸೇರಿದವು ತುಸು ಹೆಚ್ಚಾಗಿರುತ್ತವೆ.